ಫುಲ್ ಕಡ್ಡಿ ತೋರಿಸಿ ಮೋಸ ಮಾಡಿದ ವೈಫೈ

ಮೂರು ತಿಂಗಳು, ಹತ್ತು ಸಾವಿರ ರೂಪಾಯಿ. ಕೊನೆಗೆ ಕೆಲಸ ಮಾಡಿದ್ದು ಸಾವಿರ ಚಿಲ್ಲರೆಯ ವೈರ್. ಹೊಟ್ಟೆ ಉರಿಯದೆ ಇರುತ್ತದಾ ಹೇಳಿ?

ನಮ್ಮದು ಕಲಬುರಗಿಯ ಹಳೇ ಮನೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಬೇಸಿಗೆಯಲ್ಲಿ ಒಳಗೆ ತಂಪು, ಅದಕ್ಕೆ ಬೈಯೋ ಹಾಗಿಲ್ಲ. ಆದರೆ ರೂಟರ್ ಪಡಸಾಲೆಯಲ್ಲಿ, ನನ್ನ ಗೇಮ್ ಕನ್ಸೋಲ್ ಮಾಳಿಗೆಯ ಹಿಂದಿನ ಕೋಣೆಯಲ್ಲಿ. ನೆಟ್‌ಗೆ ಹಾಕಿಸಿಕೊಂಡದ್ದು 200 ಎಂಬಿಪಿಎಸ್ ಪ್ಲ್ಯಾನ್. ರೂಟರ್ ಪಕ್ಕ ಫೋನ್ ಹಿಡಿದರೆ 190 ಬರುತ್ತದೆ, ಮೇಲೆ ಕನ್ಸೋಲ್‌ಗೆ 12. ಆಟದಲ್ಲಿ ನಾನು ಗುಂಡು ಹೊಡೆಯುವಷ್ಟರಲ್ಲಿ ಎದುರಿನವನು ಊಟ ಮುಗಿಸಿ ಕೈ ತೊಳೆದಿರುತ್ತಾನೆ.

ವೈರ್ ಎಳೆಯೋಣ ಅಂದೆ. "ಸುಣ್ಣ ಹಚ್ಚಿಸಿ ಇನ್ನೂ ಆರು ತಿಂಗಳಾಗಿಲ್ಲ, ಗ್ವಾಡಿಗಿ ಮೊಳಿ ಹೊಡದಿ ಅಂದ್ರ ನೋಡು" ಅಂದಳು ಅವ್ವ.

ಸರಿ, ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಗೆ ಹೋದೆ. "ಪವರ್‌ಲೈನ್ ಒಯ್ರಿ ಅಣ್ಣಾ, ಮನಿ ಕರೆಂಟ್ ವೈರಿನಾಗೇ ನೆಟ್ ಓಡ್ತದ" ಅಂದ. ಡಬ್ಬಿ ಮೇಲೆ ದೊಡ್ಡದಾಗಿ 600. ಮನೆಗೆ ಬಂದು ಒಳಗಿನ ಚೀಟಿ ಓದಿದರೆ, ಅದರ ವೈರ್ ಚುಚ್ಚುವ ಪೋರ್ಟೇ 100ರದ್ದು! ಬಾಗಿಲು ಅಷ್ಟೇ ಇದ್ದ ಮೇಲೆ ಒಳಗೆ 600 ಓಡಿದರೆ ನನಗೇನು ಬಂತು? ಆ 100 ಆದರೂ ಬಂತಾ? ಬಂದದ್ದು 18. ಅವ್ವ ಕೂಲರ್ ಹಾಕಿದರೆ 6.

ಕಾರಣ ತಿಳಿದಾಗ ನನ್ನ ಮೇಲೇ ಸಿಟ್ಟು ಬಂತು. ನಮ್ಮದು ತ್ರೀ ಫೇಸ್ ಕನೆಕ್ಷನ್. ಒಂದು ಫೇಸ್ ಹೋದರೆ ಪಡಸಾಲೆ ಫ್ಯಾನ್ ನಿಲ್ಲುತ್ತದೆ, ಮಾಳಿಗೆ ಲೈಟ್ ಉರಿಯುತ್ತಲೇ ಇರುತ್ತದೆ. ಇದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಂದರೆ ಕೆಳಗೊಂದು ಫೇಸ್, ಮೇಲೊಂದು ಫೇಸ್. ಪವರ್‌ಲೈನ್ ಜೋಡಿ ಚೆನ್ನಾಗಿ ಮಾತಾಡಬೇಕಾದರೆ ಎರಡೂ ಒಂದೇ ಫೇಸಿನಲ್ಲಿರಬೇಕು. ಬೇರೆ ಆದರೆ ಸಿಗ್ನಲ್ ಅಕ್ಕಪಕ್ಕದ ವೈರಿಗೆ ಸೋರಿ ಬಂದಷ್ಟೇ ಗತಿ. ಜೊತೆಗೆ ಕೂಲರ್ ಮೋಟರು ಕರೆಂಟ್ ವೈರಿಗೆ ಬಿಡುವ ಗದ್ದಲ ಬೇರೆ. ಅಂಗಡಿಯವನು "ನಿಮ್ಮನಿ ಎಷ್ಟು ಫೇಸ್ರಿ?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆಮೇಲೆ ಮೆಶ್, ಅಂದರೆ ಒಂದರಿಂದ ಇನ್ನೊಂದಕ್ಕೆ ವೈಫೈ ದಾಟಿಸುವ ಡಬ್ಬಿಗಳು. ಎರಡು ಡಬ್ಬಿ, ಆರು ಸಾವಿರ. "ಒಂದ್ ರೂಟರ್ ಹತ್ರ, ಇನ್ನೊಂದ್ ಕನ್ಸೋಲ್ ಹತ್ರ ಇಡ್ರಿ, ಫುಲ್ ಕಡ್ಡಿ ಬರ್ತಾವ" ಅಂದ. ಬಂದವು, ಸುಳ್ಳಲ್ಲ. ಸ್ಪೀಡ್ ಮಾತ್ರ 22.

ನಿಜವಾದ ಮೋಸ ಇರುವುದು ಇಲ್ಲೇ. ಆ ಕಡ್ಡಿ ತೋರಿಸುವುದು ಕನ್ಸೋಲಿಗೂ ಪಕ್ಕದ ಡಬ್ಬಿಗೂ ನಡುವಿನ ಸಿಗ್ನಲ್. ಆ ಡಬ್ಬಿಗೆ ಕೆಳಗಿನಿಂದ ಎಷ್ಟು ಬರುತ್ತಿದೆ ಅಂತ ಅದಕ್ಕೇನು ಗೊತ್ತು? ಅದೂ ಅದೇ ಕಲ್ಲಿನ ಗೋಡೆ ದಾಟಿ ವೈಫೈ ಹಿಡಿಯಬೇಕಲ್ವಾ! ತೊಟ್ಟಿ ಪಕ್ಕ ಕೊಡ ಹಿಡಿದು ನಿಂತರೇನು, ತೊಟ್ಟಿಗೇ ನಲ್ಲಿ ನೀರು ಬಂದಿಲ್ಲ ಅಂದ ಮೇಲೆ. ಡಬ್ಬಿಯನ್ನು ಮೆಟ್ಟಿಲಿನ ತಿರುವಿನಲ್ಲಿ ಇಟ್ಟೆ. ಕಡ್ಡಿ ಎರಡಕ್ಕೆ ಇಳಿಯಿತು, ಸ್ಪೀಡ್ 55ಕ್ಕೆ ಏರಿತು! ಕಡ್ಡಿ ನೋಡಿ ಡಬ್ಬಿ ಇಡಬಾರದು, ಅರ್ಧ ದಾರಿಯಲ್ಲಿ ಇಡಬೇಕು. ಸಿನಿಮಾ ನೋಡಲು 55 ಧಾರಾಳ ಸಾಕು. ಆದರೆ ಆಟಕ್ಕೆ ಬೇಕಾದದ್ದು ಏರಿಳಿತ ಇಲ್ಲದ ಪಿಂಗ್, ಅಂದರೆ ಸಿಗ್ನಲ್ ಆಟದ ಸರ್ವರ್‌ಗೆ ಹೋಗಿ ವಾಪಸ್ ಬರುವ ಹೊತ್ತು. ಅದು ಒಮ್ಮೆ 30 ಮಿಲಿಸೆಕೆಂಡ್, ಒಮ್ಮೆ 200. ಎರಡು ಬ್ಯಾಂಡಿನ ಅಗ್ಗದ ಮೆಶ್‌ನಲ್ಲಿ ನನ್ನ ಕನ್ಸೋಲು, ತಂಗಿಯ ಫೋನು, ಡಬ್ಬಿ-ಡಬ್ಬಿ ನಡುವಿನ ಮಾತು ಎಲ್ಲಾ ಒಂದೇ ಗಾಳಿಗೆ ಸರದಿ ನಿಲ್ಲಬೇಕು.

ಕೊನೆಗೆ ಅವ್ವನ ಕಾಲು ಹಿಡಿದೆ. ಗೋಡೆಗಲ್ಲ, ಮೆಟ್ಟಿಲಿನ ಮರದ ಕೈಹಿಡಿಗೆ ಕಟ್ಟುತ್ತೇನೆ ಅಂದೆ. ಒಪ್ಪಿದಳು. 32 ಮೀಟರ್ ಕ್ಯಾಟ್ 6 ವೈರ್, ಪೂರ್ತಿ ತಾಮ್ರದ್ದು. ಎಳೆದುಕೊಟ್ಟವನು ಎರಡೂ ತುದಿಗೆ ಪಿನ್ ಹಾಕಿ ಹೋದ. ಪಿಂಗ್ ಬಂಡೆ ಹಾಗೆ ನಿಂತಿತು. ಸ್ಪೀಡ್ ಮಾತ್ರ 94. ಹತ್ತು ಸಲ ನೋಡಿದೆ, ಹತ್ತು ಸಲವೂ 94.

ಹೀಗೆ 94ಕ್ಕೇ ಅಂಟಿಕೊಂಡರೆ ಲೈನ್ 100ರಲ್ಲೇ ಓಡುತ್ತಿದೆ ಅಂತ ಅರ್ಥ. ಗಿಗಾಬಿಟ್‌ಗೆ, ಅಂದರೆ 1000ದ ಸ್ಪೀಡಿಗೆ, ವೈರಿನ ಒಳಗಿನ ಎಂಟೂ ಎಳೆ ಬೇಕು. ನಾಲ್ಕೇ ಸೇರಿದರೆ 100ಕ್ಕೆ ಇಳಿಯುತ್ತದೆ. ಪಿನ್ ಬೆಳಕಿಗೆ ಹಿಡಿದು ನೋಡಿದೆ. ಕಂದು ಎಳೆ ತುದಿ ಮುಟ್ಟೇ ಇರಲಿಲ್ಲ. ಫೋನ್ ಮಾಡಿದರೆ "ನೆಟ್ ಬರಾಕತ್ತದಲ್ರಿ, ಮತ್ತೇನ್ ಬೇಕು?" ಅಂತಾನೆ! ಕರೆಸಿ, ಎದುರಿಗೇ ಕೂರಿಸಿ ಪಿನ್ ಬದಲಾಯಿಸಿದೆ. ಈಗ 190.

ಮೆಶ್ ವಾಪಸ್ ಕೊಡಲು ಹೋದರೆ ಅಂಗಡಿಯವನು ಡಬ್ಬಿ ತಿರುಗಿಸಿ ನೋಡಿ, "ಸೀಲ್ ಒಡದೀರಲ್ರಿ ಅಣ್ಣಾ" ಅಂದ. ಸೀಲ್ ಒಡೆಯದೆ ಅದರ ಬಣ್ಣ ಬಯಲಾಗುವುದು ಹೇಗಪ್ಪಾ?