ನೂರು ಕೆ.ಜಿ.ಯಲ್ಲಿ ಎರಡು ಕೆ.ಜಿ. ಪಿವಿಸಿ

ನಾನಿರುವುದು ಜರ್ಮನಿಯ ಬೆಕುಮ್ ಹತ್ತಿರ. ಇದು ಸಿಮೆಂಟಿನ ಸೀಮೆ. ಮರುಬಳಕೆಗೆ ಬಾರದ ಒಣ ಕಸವನ್ನು ಚೂರು ಮಾಡಿ, ಸಿಮೆಂಟ್ ಗೂಡಿನಲ್ಲಿ ಕಲ್ಲಿದ್ದಲಿನ ಬದಲು ಉರಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಆರ್‌ಡಿಎಫ್ ಅನ್ನುತ್ತೇವೆ. ಊರಿಗೆ ಬಂದಾಗ ಗೆಳೆಯರು ಹೇಳುತ್ತಾರೆ, "ನಮ್ಮ ಒಣ ಕಸವನ್ನೂ ಸಿಮೆಂಟ್ ಫ್ಯಾಕ್ಟರಿಗೆ ಕಳಿಸಿದರಾಯ್ತು, ಅಲ್ವಾ?" ಕಳಿಸಬಹುದು. ಅವರು ಇಳಿಸಿಕೊಳ್ಳಬೇಕಲ್ಲ!

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಆರ್‌ಡಿಎಫ್‌ನ ಮೂರನೇ ದರ್ಜೆಗೂ ಮಿತಿ ಇದೆ. ತೇವಾಂಶ 20% ಒಳಗಿರಬೇಕು, ಕ್ಲೋರಿನ್ 1% ಒಳಗೆ. ಕೆ.ಜಿ.ಗೆ ಕನಿಷ್ಠ 3000 ಕಿಲೋ ಕ್ಯಾಲೊರಿ ಶಾಖ ಸಿಗಬೇಕು.

ಕ್ಲೋರಿನ್‌ಗೆ ಯಾಕಿಷ್ಟು ಹೆದರಿಕೆ? ಗೂಡಿನ ಬಿಸಿಗೆ ಅದು ಪೊಟ್ಯಾಸಿಯಂ ಜೊತೆ ಸೇರಿ ಉಪ್ಪಾಗಿ, ಆವಿಯಾಗಿ ಮೇಲೇರುತ್ತದೆ. ಸುಣ್ಣಕಲ್ಲಿನ ಹಿಟ್ಟನ್ನು ಮೊದಲೇ ಕಾಯಿಸುವ ಪ್ರೀಹೀಟರ್‌ನ ತಂಪಾದ ಕಡೆ ಮತ್ತೆ ಗಟ್ಟಿಯಾಗಿ ಗೋಡೆಗೆ ಅಂಟುತ್ತದೆ. ಆ ಹಿಟ್ಟಿನ ಜೊತೆ ಕೆಳಗಿಳಿದು ಮತ್ತೆ ಆವಿಯಾಗುತ್ತದೆ. ಹೀಗೆ ಸುತ್ತುತ್ತಾ ಜಾಸ್ತಿಯಾದರೆ ಪ್ರೀಹೀಟರ್‌ನ ಆಲಿಕೆಯಂಥ ಸೈಕ್ಲೋನ್‌ಗಳು ಕಟ್ಟಿಕೊಂಡು ಗೂಡೇ ನಿಲ್ಲುತ್ತದೆ. ಅಪ್ಪಟ ಪಿವಿಸಿಯ ತೂಕದಲ್ಲಿ ಸುಮಾರು 57% ಕ್ಲೋರಿನ್. ಅಂದರೆ ನೂರು ಕೆ.ಜಿ. ಆರ್‌ಡಿಎಫ್‌ನಲ್ಲಿ ಎರಡು ಕೆ.ಜಿ. ಪಿವಿಸಿ ಸೇರಿದರೆ ಸಾಕು, ಮಿತಿ ದಾಟಿತು. ನಮ್ಮ ಒಣ ಕಸದಲ್ಲಿ ಫ್ಲೆಕ್ಸ್ ಬ್ಯಾನರ್, ರೆಕ್ಸಿನ್, ವೈರಿನ ಸಿಪ್ಪೆ, ಪೈಪಿನ ತುಂಡು ಇದ್ದೇ ಇರುತ್ತವೆ. ಊಟದ ಉಪ್ಪು ಮೆತ್ತಿದ ಪೊಟ್ಟಣಗಳೂ ಅಷ್ಟಿಷ್ಟು ಸೇರಿಸುತ್ತವೆ.

ಆಮೇಲೆ ನೀರು. ಪೂರ್ತಿ ಒಣಗಿದಾಗ ಕೆ.ಜಿ.ಗೆ 4500 ಕಿಲೋ ಕ್ಯಾಲೊರಿ ಕೊಡುವ ಸರಕು ಅಂದುಕೊಳ್ಳಿ. 20% ತೇವ ಇದ್ದರೆ ಸುಮಾರು 3480 ಉಳಿಯುತ್ತದೆ. ಒಂದು ಮಳೆ ಬಿದ್ದು ತೇವ 40% ಆದರೆ 2470ಕ್ಕೆ ಇಳಿಯುತ್ತದೆ. ಉರಿಯುವ ಭಾಗ ಕಡಿಮೆಯಾಯಿತು, ಇದ್ದ ಶಾಖದಲ್ಲೂ ಸ್ವಲ್ಪ ನೀರನ್ನು ಆವಿ ಮಾಡಲು ಹೋಯಿತು. ಅದೇ ಕಸ, ಅದೇ ಲಾರಿ, ಆದರೆ ಫೇಲ್.

ಇಲ್ಲಿ ಜರ್ಮನಿಯಲ್ಲಿ ಗುಣಮಟ್ಟದ ಮುದ್ರೆ ಪಡೆದ ತಯಾರಕರು ತಮ್ಮಲ್ಲೇ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಹೊರಗಿನ ಪ್ರಯೋಗಾಲಯವೂ ಬಂದು ನೋಡುತ್ತದೆ. ಪಿವಿಸಿಯನ್ನು ಹೆಕ್ಕಲು ಇನ್‌ಫ್ರಾರೆಡ್ ಯಂತ್ರ ಇರುತ್ತದೆ. ಅದಕ್ಕೂ ಕಪ್ಪು ಪ್ಲಾಸ್ಟಿಕ್ ಸರಿಯಾಗಿ ಕಾಣುವುದಿಲ್ಲ. ಲಾರಿ ಹೊರಡುವ ಮೊದಲೇ ಸರಕು ಹೇಗಿದೆ ಅಂತ ಗೊತ್ತಿರುತ್ತದೆ. ನಮ್ಮಲ್ಲಿ ಬೆಂಗಳೂರಿನಿಂದ ಸಿಮೆಂಟ್ ಫ್ಯಾಕ್ಟರಿಗಳಿರುವ ಸೇಡಂಗೆ 500 ಕಿ.ಮೀ.ಗಿಂತ ಜಾಸ್ತಿ. ಗೇಟಿನಲ್ಲಿ ಗೊತ್ತಾದರೆ ಆ ಬಾಡಿಗೆ ಸುಮ್ನೆ ದಂಡ.

ಅಂಥ ಯಂತ್ರ ನಾಳೆಯೇ ತನ್ನಿ ಅಂತ ನಾನು ಹೇಳುವುದಿಲ್ಲ. ಒಣ ಕಸದ ಕೇಂದ್ರಕ್ಕೆ ಒಂದು ಸೂರು ಹಾಕಿಸಿ. ಫ್ಲೆಕ್ಸ್‌ಗೆ, ರೆಕ್ಸಿನ್‌ಗೆ ಬೇರೆ ಚೀಲ ಇಡಿ. ಅನುಮಾನ ಬಂದರೆ ತಾಮ್ರದ ತಂತಿ ಕೆಂಪಗೆ ಕಾಯಿಸಿ ಪ್ಲಾಸ್ಟಿಕ್‌ಗೆ ತಾಗಿಸಿ, ಮತ್ತೆ ಬೆಂಕಿಗೆ ಹಿಡಿಯಿರಿ. ಉರಿ ಹಸಿರಾದರೆ ಕ್ಲೋರಿನ್ ಇರಬಹುದು. ಗಾಳಿಯಾಡುವ ಕಡೆ ಮಾಡಿ, ಹೊಗೆ ಕುಡಿಯಬೇಡಿ. ಇನ್ನು ಸಾಗಿಸುವವರಿಗೆ ಟನ್ ಲೆಕ್ಕದಲ್ಲಿ ದುಡ್ಡು ಕೊಡುವುದನ್ನು ನಿಲ್ಲಿಸಿ, ತೇವ ಕಳೆದ ತೂಕಕ್ಕೆ ಕೊಡಿ. ಟನ್ನಿಗೆ ಕೊಡುವವರೆಗೆ ನೀರಿಗೂ ನಾವೇ ಕೊಡುತ್ತಿರುತ್ತೇವೆ.