ಕಾಫಿ ಉಗುಳುವವರನ್ನು ಕಾಫಿಗೆ ಕರೆಯುವುದು

ಚಿಕ್ಕಮಗಳೂರಿನಲ್ಲಿ ಯಾರನ್ನಾದರೂ ಮಾತಿಗೆ ಕರೆಯಬೇಕಾದರೆ ಬಾಯಿಗೆ ಮೊದಲು ಬರುವುದು "ಬನ್ನಿ, ಒಂದು ಕಾಫಿ ಕುಡಿಯೋಣ" ಎಂಬ ಮಾತು. ಕರೆಯಬೇಕಾದವರು ಕಾಫಿ ಕಪ್ಪಿಂಗ್, ಅಂದರೆ ರುಚಿ ನೋಡಿ ಕಾಫಿಯ ಗುಣಮಟ್ಟ ಅಳೆಯುವ ಕೆಲಸ, ಮಾಡುವವರಾದರೆ ಈ ಮಾತು ಸ್ವಲ್ಪ ಎಡವುತ್ತದೆ. ಅವರು ಬೆಳಗ್ಗೆಯಿಂದ ಸಾಲಾಗಿಟ್ಟ ಬಟ್ಟಲುಗಳ ಮುಂದೆ ನಿಂತು, ಚಮಚೆಯಿಂದ ಸುರ್ರೆಂದು ಎಳೆದು, ನಾಲಿಗೆಯ ತುಂಬ ಆಡಿಸಿ, ಪಕ್ಕದ ಡಬ್ಬಿಗೆ ಉಗುಳಿರುತ್ತಾರೆ. ಸಂಜೆ ಅವರಿಗೆ ಬೇಕಿರುವುದು ಬಹುಶಃ ಒಂದು ಲೋಟ ಮಜ್ಜಿಗೆ.

ಇಷ್ಟಾದರೂ ಕರೆಯಲೇಬೇಕಾದವರು ಇದ್ದಾರೆ. ಮೂಡಿಗೆರೆ ಕಡೆಯ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಬಿ.ಎಸ್ಸಿ. ಕೊನೆಯ ವರ್ಷ, ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ. ಮನೆಯಲ್ಲಿ ಎರಡು ಎಕರೆ ರೊಬಸ್ಟಾ. ಕಾಫಿಯ ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೆ ಹೋಗಬೇಕೆಂದು ಅವಳ ಆಸೆ. ಆ ಕೆಲಸಕ್ಕೆ ಬಾಗಿಲು ಎಲ್ಲಿದೆ ಎಂದು ಮನೆಯವರಿಗೂ ಗೊತ್ತಿಲ್ಲ, ಕಾಲೇಜಿನ ನೋಟಿಸ್ ಬೋರ್ಡಿಗೂ ಗೊತ್ತಿಲ್ಲ. ಆದರೆ ಅದೇ ವಿಭಾಗದಲ್ಲಿ ಏಳೆಂಟು ವರ್ಷ ಹಿಂದೆ ಓದಿದ ಒಬ್ಬರು ಈಗ ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನ ಲ್ಯಾಬಿನಲ್ಲಿದ್ದಾರೆ. ಅವರ ಇಪ್ಪತ್ತು ನಿಮಿಷ ಸಿಕ್ಕರೆ ಸಾಕು.

ಅಂಥವರು ಇದ್ದಾರೆಂದು ತಿಳಿಯುವುದು ಕಷ್ಟವೇನಲ್ಲ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟಕ್ಕೆ ಹೋದರೆ ಹಳೆಯ ವಿದ್ಯಾರ್ಥಿಗಳ ವಿಭಾಗ ಇರುತ್ತದೆ. ಯಾವ ಊರು, ಯಾವ ಕೆಲಸ ಎಂದು ಜರಡಿ ಹಿಡಿಯಬಹುದು. ಆದರೆ ನಮ್ಮ ಕಡೆ ಕ್ಯೂರಿಂಗ್‌ನಲ್ಲಿರುವವರು ಅಲ್ಲಿ ಖಾತೆ ತೆರೆದು ಮರೆತಿರುವುದೇ ಹೆಚ್ಚು. ವಿಭಾಗದ ಹಳೆಯ ಮೇಷ್ಟ್ರೋ, ಲ್ಯಾಬ್ ಅಟೆಂಡರೋ ಅದಕ್ಕಿಂತ ನಂಬಿಕಸ್ತ ದಾಖಲೆ. ಅವರಿಂದ ನಂಬರ್ ಪಡೆಯುವಾಗ ಒಂದು ಮಾತು ಕೇಳಿಕೊಳ್ಳಬೇಕು: "ಸರ್, ನೀವು ಕೊಟ್ರಿ ಅಂತ ಹೇಳಬಹುದಾ?" ಆ ಒಂದು ಹೆಸರು ಸಂದೇಶದ ಮೊದಲ ಎರಡು ಸಾಲಿನಲ್ಲಿದ್ದರೆ, ಅಪರಿಚಿತ ನಂಬರಿನಿಂದ ಬಂದದ್ದು ನಿವೇಶನ ಮಾರುವವರ ಸಂದೇಶವಲ್ಲ ಎಂದು ಗೊತ್ತಾಗುತ್ತದೆ.

ಇನ್ನು ಯಾವಾಗ ಕೇಳುವುದು. ಇದನ್ನು ತಪ್ಪಿಸಿಕೊಂಡವರೇ ಹೆಚ್ಚು. ಅರೇಬಿಕಾ ಕುಯ್ಲು ನವೆಂಬರಿನಲ್ಲಿ ಶುರುವಾದರೆ ರೊಬಸ್ಟಾ ಮುಗಿಯುವಾಗ ಫೆಬ್ರುವರಿ ದಾಟಿರುತ್ತದೆ. ಹಣ್ಣಿನ ಸಿಪ್ಪೆ ಬಿಡಿಸಿ ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟು, ಹಣ್ಣಾಗಿಯೇ ಒಣಗಿಸಿದ ಚೆರ್ರಿ, ಇವುಗಳ ಮೂಟೆಗಳು ಒಂದರ ಹಿಂದೆ ಒಂದು ಕ್ಯೂರಿಂಗ್‌ಗೆ ಬಂದು ಬೀಳುತ್ತವೆ. ಪ್ರತಿ ಲಾಟಿನ ಸ್ಯಾಂಪಲ್ಲೂ ಲ್ಯಾಬ್ ದಾಟಬೇಕು. ಆ ತಿಂಗಳುಗಳಲ್ಲಿ ಬಂದ ಸಂದೇಶವನ್ನು ಅವರು ಓದುತ್ತಾರೆ, ಆಮೇಲೆ ಉತ್ತರಿಸೋಣವೆಂದು ಬಿಡುತ್ತಾರೆ, ಅದು ಅಲ್ಲೇ ಹೂತುಹೋಗುತ್ತದೆ. ಆದರೆ ಕೊನೆಯ ವರ್ಷದ ಮಕ್ಕಳಿಗೆ ಭವಿಷ್ಯದ ಚಿಂತೆ ಹತ್ತುವುದೂ ಸರಿಯಾಗಿ ಫೆಬ್ರುವರಿಯಲ್ಲೇ! ಐದನೆಯ ಸೆಮಿಸ್ಟರ್ ನಡೆಯುವ ಮಳೆಗಾಲ, ಆಗಸ್ಟ್–ಸೆಪ್ಟೆಂಬರ್ ಎಂದಿಟ್ಟುಕೊಳ್ಳಿ, ಇದಕ್ಕೆ ಒಳ್ಳೆಯ ಕಾಲ. ನೆಟ್‌ವರ್ಕ್ ಮಾತ್ರ ಮಳೆಯ ಮರ್ಜಿಯಲ್ಲಿರುತ್ತದೆ, ಅಷ್ಟೆ. ದಿನದ ಹೊತ್ತೂ ಮುಖ್ಯ. ಕಪ್ಪಿಂಗ್ ಸಾಮಾನ್ಯವಾಗಿ ಬೆಳಗಿನ ಹೊತ್ತು, ನಾಲಿಗೆ ದಣಿಯುವ ಮೊದಲು. ಬಟ್ಟಲಿನ ಕಾಫಿಪುಡಿಗೆ ಬಿಸಿನೀರು ಹುಯ್ದು ನಾಲ್ಕು ನಿಮಿಷಕ್ಕೆ ಮೇಲೆ ತೇಲುವ ಪುಡಿಯ ಪದರ ಒಡೆದು ಮೂಸಬೇಕು. ಆ ನಾಲ್ಕು ನಿಮಿಷದೊಳಗೆ ಫೋನ್ ರಿಂಗಾದರೆ ಎತ್ತಿದವರ ದನಿಯಲ್ಲಿ ಪ್ರೀತಿ ಇರುವುದಿಲ್ಲ.

ಸಾಮಾನ್ಯವಾಗಿ ಹೋಗುವ ಸಂದೇಶ ಹೀಗಿರುತ್ತದೆ: "ಹಾಯ್ ಮೇಡಂ, ನಾನು ನಿಮ್ಮ ಕಾಲೇಜಿನ ಜೂನಿಯರ್. ಕಾಫಿ ಫೀಲ್ಡಿಗೆ ಬರಬೇಕೂಂತ ಇದ್ದೀನಿ. ದಯವಿಟ್ಟು ಗೈಡ್ ಮಾಡಿ. ಏನಾದ್ರೂ ಓಪನಿಂಗ್ ಇದ್ರೆ ತಿಳಿಸಿ. ಬಯೋಡೇಟಾ ಅಟ್ಯಾಚ್ ಮಾಡಿದ್ದೀನಿ." ಇದರಲ್ಲಿ ಅವಿನಯ ಏನೂ ಇಲ್ಲ. ಆದರೂ ಉತ್ತರ ಬರುವುದಿಲ್ಲ. "ಗೈಡ್ ಮಾಡಿ" ಎಂದರೆ ಎಲ್ಲಿಂದ ಶುರುಮಾಡಬೇಕು? ಕೂತು ಒಂದು ಪುಸ್ತಕವನ್ನೇ ಬರೆಯಬೇಕಾದೀತು. ಬಯೋಡೇಟಾ ಅಂತೂ ಇನ್ನೂ ತೊಡಕು. ಲ್ಯಾಬಿನಲ್ಲಿರುವವರಿಗೆ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರ ಇರುವುದು ಅಪರೂಪ. ಇಲ್ಲ ಎನ್ನಲು ಸಂಕೋಚ, ನೋಡೋಣ ಎಂದರೆ ಸುಳ್ಳಾಸೆ. ನಡುವೆ ಉಳಿಯುವುದು ಮೌನ ಒಂದೇ. ಹುಡುಗಿ ಅದನ್ನು ಜಂಬ ಎಂದು ಓದಿಕೊಳ್ಳುತ್ತಾಳೆ.

ಅದೇ ವಿಷಯವನ್ನು ಹೀಗೆ ಬರೆದರೆ:

"ನಮಸ್ಕಾರ ಮೇಡಂ. ನಾನು ನಿಮ್ಮದೇ ವಿಭಾಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ನಿಮ್ಮ ನಂಬರ್ ಕೊಟ್ಟವರು ಸಸ್ಯಶಾಸ್ತ್ರದ ನಮ್ಮ ಮೇಷ್ಟ್ರು. ಕಾಫಿ ಮಂಡಳಿಯ ಕಾಫಿ ಗುಣಮಟ್ಟ ನಿರ್ವಹಣೆಯ ಡಿಪ್ಲೊಮಾ ಬಗ್ಗೆ ಓದಿದೆ. ಡಿಗ್ರಿ ಮುಗಿದ ಕೂಡಲೇ ಅದಕ್ಕೆ ಅರ್ಜಿ ಹಾಕುವುದೋ, ಮೊದಲು ಕ್ಯೂರಿಂಗ್‌ನಲ್ಲಿ ಒಂದು ಸೀಸನ್ ಕೆಲಸ ಮಾಡುವುದೋ ಎಂದು ಬಗೆಹರಿಯುತ್ತಿಲ್ಲ. ಇದರ ಬಗ್ಗೆ ನಿಮ್ಮೊಡನೆ 20 ನಿಮಿಷ ಫೋನಿನಲ್ಲಿ ಮಾತಾಡಬಹುದೇ? ಕೆಲಸ ಕೇಳಲು ಬರೆಯುತ್ತಿಲ್ಲ. ಶನಿವಾರ ಸಂಜೆ 5ರ ಮೇಲೆ ಅಥವಾ ಭಾನುವಾರ ಬೆಳಗ್ಗೆ ನಾನು ಬಿಡುವಾಗಿರುತ್ತೇನೆ. ಬೇರೆ ದಿನ ಹೇಳಿದರೂ ಸರಿ, ಈಗ ಆಗದು ಎಂದರೂ ಸರಿ."

ಫೋನಿನ ಪರದೆಯಲ್ಲಿ ಒಂದೇ ನೋಟಕ್ಕೆ ಮುಗಿಯುವಷ್ಟು ಉದ್ದ. ಯಾರು, ಯಾರ ಮೂಲಕ, ಯಾವ ಒಂದು ಗೊಂದಲ, ಎಷ್ಟು ಹೊತ್ತು, ಯಾವಾಗ ಎಂಬುದೆಲ್ಲ ಇದೆ. ಕೊನೆಯ ಸಾಲನ್ನು ಹಲವರು ಅಂಜಿ ಬಿಟ್ಟುಬಿಡುತ್ತಾರೆ. ಇಲ್ಲ ಎನ್ನಲು ದಾರಿ ತೋರಿಸಿದರೆ ಇಲ್ಲವೆಂದೇ ಬಿಟ್ಟರೆ ಎಂದು. ನಡೆಯುವುದು ಹೆಚ್ಚಾಗಿ ತದ್ವಿರುದ್ಧ. ಹಿಂದಿನ ಬಾಗಿಲು ತೆರೆದಿರುವ ಮನೆಗೆ ಜನ ಧೈರ್ಯವಾಗಿ ಬರುತ್ತಾರೆ. ಡಿಪ್ಲೊಮಾದ ಸಾಲೂ ಅಲಂಕಾರಕ್ಕೆ ಬಂದದ್ದಲ್ಲ. ಮಂಡಳಿ ನಡೆಸುವ ಈ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಯಾರು ಅರ್ಹರು, ಶುಲ್ಕ ಎಷ್ಟು ಎಂಬುದೆಲ್ಲ ಪ್ರಕಟಣೆಯಲ್ಲೇ ಇರುತ್ತದೆ. ಅದನ್ನು ಓದದೆ ಹೋದರೆ ಇಪ್ಪತ್ತರಲ್ಲಿ ಹದಿನೈದು ನಿಮಿಷ ಮೇಡಂ ಪ್ರಕಟಣೆ ಓದಿ ಹೇಳಬೇಕಾಗುತ್ತದೆ.

ಎಂಟು ಹತ್ತು ದಿನ ಉತ್ತರ ಬರದಿದ್ದರೆ ಒಂದೇ ಒಂದು ನೆನಪೋಲೆ, ಎರಡು ಸಾಲು. ಅದಕ್ಕೂ ಮೌನವಾದರೆ ಬೇರೆ ಸೀನಿಯರನ್ನು ಹುಡುಕುವುದು. ಹಾಗೆಂದು ಒಂದೇ ಲ್ಯಾಬಿನ ನಾಲ್ವರಿಗೆ ಒಂದೇ ಸಂದೇಶವನ್ನು ಒಂದೇ ದಿನ ಕಳಿಸುವುದು ಬೇಡ. ಅವರು ನಾಲ್ವರೂ ಸುತ್ತ ನಿಲ್ಲುವುದು ಒಂದೇ ಮೇಜಿಗೆ. ನಾಲ್ಕು ಫೋನು ಒಟ್ಟಿಗೆ ಹೊರಬಂದ ಮೇಲೆ ಉತ್ತರಿಸುವ ಜವಾಬ್ದಾರಿ ಯಾರದ್ದೂ ಅಲ್ಲ. ಮತ್ತೊಂದು ಮಲೆನಾಡಿನ ಮಾರ್ಗವಿದೆ, ಮಾವನಿಂದ ಹೇಳಿಸುವುದು. ಮಾವನಿಗೆ ಕ್ಯೂರಿಂಗ್ ಮಾಲೀಕರು ಗೊತ್ತು, ಮಾಲೀಕರು ಮೇಡಂಗೆ "ನಮ್ಮ ಕಡೆ ಹುಡುಗಿ, ಸ್ವಲ್ಪ ಮಾತಾಡಿ" ಎನ್ನುತ್ತಾರೆ. ಮಾತುಕತೆ ಖಂಡಿತ ನಡೆಯುತ್ತದೆ. ಆದರೆ ಮಾಲೀಕರು ಕಳಿಸಿದ ಹುಡುಗಿಯ ಮುಂದೆ ಸಂಬಳ ಕಡಿಮೆ, ಸೀಸನ್‌ನಲ್ಲಿ ರಜೆ ಇಲ್ಲ ಎಂದು ಯಾರು ಬಾಯಿಬಿಡುತ್ತಾರೆ? ಬೇಕಾದ ಮಾತು ಅದೇ ಆಗಿತ್ತು.

ಸರಿ, ಶನಿವಾರ ಐದೂವರೆಗೆ ಎಂದು ಒಪ್ಪಿದರು ಎನ್ನಿ. ಪರಿಚಯಕ್ಕೆ ಎರಡು ನಿಮಿಷ ಸಾಕು. ಊರು, ಮನೆತನ, ಯಾರಿಗೆ ಯಾರು ಏನಾಗಬೇಕು ಎಂಬ ದಾರಿಗೆ ಇಳಿದರೆ ನಮ್ಮವರಿಗೆ ಇಪ್ಪತ್ತು ನಿಮಿಷ ಅದಕ್ಕೇ ಸಾಲದು. ಪ್ರಶ್ನೆ ಮೂರೋ ನಾಲ್ಕೋ ಬರೆದಿಟ್ಟುಕೊಂಡಿರಬೇಕು. "ಕಾಫಿ ಕ್ಷೇತ್ರಕ್ಕೆ ಸ್ಕೋಪ್ ಹೇಗಿದೆ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. "ಹೊಸದಾಗಿ ಸೇರಿದವರು ಮೊದಲ ಮೂರು ತಿಂಗಳು ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ?" ಎಂದು ಕೇಳಿ ನೋಡಿ. ಆಗ ನಿಜವಾದ ಕೆಲಸ ಹೊರಬೀಳುತ್ತದೆ: ಸ್ಯಾಂಪಲ್ ತೂಗುವುದು, ತೇವಾಂಶ ನೋಡುವುದು, ಜರಡಿಗಳಲ್ಲಿ ಬೀಜದ ಗಾತ್ರ ಬೇರ್ಪಡಿಸುವುದು, ಕಪ್ಪು ಬೀಜ, ಕಾಯಿಕೊರಕ ಹೊಡೆದ ಬೀಜ ಆರಿಸಿ ಲೆಕ್ಕ ಹಾಕುವುದು. ಬಟ್ಟಲು, ಚಮಚೆ, ಸುರ್ರೆನ್ನುವುದು ಎಲ್ಲ ಆಮೇಲೆ. ಇದನ್ನು ಕೇಳಿ ಮುಖ ಸಪ್ಪಗಾದರೆ, ಒಂದು ವರ್ಷದ ಶುಲ್ಕ ಉಳಿಯಿತು. ಸಂಬಳವನ್ನೂ ಕೇಳಬಹುದು, "ನಿಮಗೆಷ್ಟು" ಎನ್ನದೆ "ಹೊಸಬರಿಗೆ ಸಾಮಾನ್ಯವಾಗಿ ಎಷ್ಟರಿಂದ ಎಷ್ಟರವರೆಗೆ ಇರುತ್ತೆ ಮೇಡಂ" ಎಂದರೆ ಯಾರಿಗೂ ಮುಜುಗರವಿಲ್ಲ. ಹದಿನೆಂಟನೆಯ ನಿಮಿಷಕ್ಕೆ "ನಾನು ಕೇಳಿದ ಸಮಯ ಮುಗೀತಾ ಬಂತು" ಎಂದು ಹುಡುಗಿಯೇ ಹೇಳಬೇಕು. ಕೇಳಿದ್ದು ಇಪ್ಪತ್ತು, ತೆಗೆದುಕೊಂಡದ್ದು ಐವತ್ತಾದರೆ ಮುಂದಿನ ವರ್ಷದ ಜೂನಿಯರಿಗೆ ಆ ನಂಬರ್ ಸತ್ತಂತೆಯೇ. ಉಳಿದ ಎರಡು ನಿಮಿಷಕ್ಕೆ ಒಂದೇ ಪ್ರಶ್ನೆ: ಇನ್ನು ಯಾರನ್ನು ಕೇಳಿದರೆ ಒಳ್ಳೆಯದು?

ಅದೇ ದಿನ ರಾತ್ರಿ ಅಥವಾ ಮಾರನೆ ದಿನ ಧನ್ಯವಾದ ಬರೆಯುವುದನ್ನು ಎಲ್ಲರೂ ಬಲ್ಲರು. ಒಂದು ತಿಂಗಳ ನಂತರ ಬರೆಯುವವರು ವಿರಳ. ಮೇಡಂ ಮಾತಿನ ನಡುವೆ, ಮನೆಯ ಚೆರ್ರಿಯ ಔಟ್‌ಟರ್ನ್ ಎಷ್ಟೆಂದು ನೋಡಿದ್ದೀಯಾ ಎಂದು ಕೇಳಿದ್ದರು ಎನ್ನಿ. 50 ಕೆ.ಜಿ. ಒಣ ಚೆರ್ರಿಯ ಮೂಟೆಯಲ್ಲಿ ಸಿಪ್ಪೆ ಹೋಗಿ ಎಷ್ಟು ಕೆ.ಜಿ. ಬೀಜ ಉಳಿಯುತ್ತದೆ ಎಂಬ ಲೆಕ್ಕ ಅದು. ಬೆಳೆಗಾರರ ಬಾಯಲ್ಲಿ ಓಟಿ. ಚೆರ್ರಿಯ ಬೆಲೆ ಮಾತಾಡುವುದೇ ಅದರ ಮೇಲೆ. ಹುಡುಗಿ ಅಟ್ಟದಲ್ಲಿದ್ದ ಹೋದ ಸೀಸನ್ನಿನ ಚೆರ್ರಿಯಲ್ಲಿ ಅರ್ಧ ಕೆ.ಜಿ. ತೂಗಿ, ಒರಳಲ್ಲಿ ಕುಟ್ಟಿ, ಕೇರಿ, ಬೀಜವನ್ನು ಮತ್ತೆ ತೂಗುತ್ತಾಳೆ. 270 ಗ್ರಾಂ. ಬರೆಯುತ್ತಾಳೆ: "ಮೇಡಂ, ನೀವು ಹೇಳಿದ್ದು ಮಾಡಿ ನೋಡಿದೆ. ಓಟಿ 27 ಬಂತು. ಡಿಪ್ಲೊಮಾ ಅರ್ಜಿಗೆ ಅಂಕಪಟ್ಟಿ ಜೋಡಿಸುತ್ತಿದ್ದೇನೆ." ಏನನ್ನೂ ಬೇಡದ ಸಂದೇಶ. ಇದಕ್ಕೆ ಉತ್ತರ ಸಂಜೆಯೊಳಗೇ ಬರುತ್ತದೆ:

"ಮಳೇಲಿ ತೇವ ಎಳ್ಕೊಂಡಿರತ್ತೆ. ಮಾಯಿಶ್ಚರ್ ನೋಡ್ದೆ ಓಟಿ ಹೇಳ್ಬೇಡ. ಗುರುವಾರ ಮಧ್ಯಾಹ್ನ ಅದೇ ಚೆರ್ರಿ ಒಂದು ಕೆ.ಜಿ. ಕವರ್‌ನಲ್ಲಿ ಕಟ್ಕೊಂಡು ಲ್ಯಾಬಿಗೆ ಬಾ. ಸೆಂಟ್ ಹಾಕ್ಕೋಬೇಡ, ಮಲ್ಲಿಗೆನೂ ಮುಡ್ಕೊಂಡ್ ಬರ್ಬೇಡ. ಮೂಸೋ ಕೆಲಸ ಇದೆ."