ಹಣೆಯ ನೆರಿಗೆ ನೋಡಿ ಸಮಾಧಾನಪಟ್ಟವರಿಗೆ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿರುವ ಆ ಆರೋಗ್ಯ ಸಲಹೆಯನ್ನು ಬರೆದ ಮಹಾನುಭಾವರು ಯಾರೋ ಗೊತ್ತಿಲ್ಲ. ಇವತ್ತು ಮಧ್ಯಾಹ್ನ ಅವರು ನನ್ನ ಕಣ್ಣಿಗೆ ಬೀಳಲಿಲ್ಲ, ಅವರ ಪುಣ್ಯ. “ಬಾಯಿ ಸೊಟ್ಟಗಾದರೆ ಹುಬ್ಬು ಮೇಲೆತ್ತಿ ನೋಡಿ. ಹಣೆಯಲ್ಲಿ ನೆರಿಗೆ ಮೂಡಿದರೆ ಭಯ ಬೇಡ, ಅದು ಬರೀ ಮುಖದ ನರದ ತೊಂದರೆ. ಮೂಡದಿದ್ದರೆ ಲಕ್ವ.” ಎಷ್ಟು ಸರಳ, ಎಷ್ಟು ಸ್ಪಷ್ಟ, ಎಷ್ಟು ತಲೆಕೆಳಗು!

ನನ್ನ ತುರ್ತು ವಿಭಾಗದ ಗೋಳು ನಿಮಗೆ ಹೊಸದಲ್ಲ. ಇವತ್ತಿನದನ್ನು ಮಾತ್ರ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಐವತ್ತೆಂಟು ವಯಸ್ಸಿನ ಅಡಿಕೆ ವ್ಯಾಪಾರಿ. ಬೆಳಿಗ್ಗೆ ಆರಕ್ಕೆ ಎದ್ದು ಹಲ್ಲುಜ್ಜುವಾಗ ಏನೂ ಇರಲಿಲ್ಲ. ಆರೂವರೆಗೆ ಕುಡಿಯುತ್ತಿದ್ದ ಕಾಫಿ ಎಡಗಡೆ ಬಾಯಿಯ ಮೂಲೆಯಿಂದ ಸೋರಿತು. ಮಗ ಮೊಬೈಲ್ ತೆಗೆದು, ಆ ಸಂದೇಶ ಹುಡುಕಿ, “ಅಪ್ಪಾ, ಹುಬ್ಬು ಎತ್ತಿ” ಎಂದ. ಎರಡೂ ಕಡೆ ನೆರಿಗೆ ಚೆನ್ನಾಗಿಯೇ ಬಂತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟು, ಕೆನ್ನೆಗೆ ಎಣ್ಣೆ ಹಚ್ಚಿ ಬಿಸಿ ಶಾಖ ಕೊಟ್ಟರು. ಹತ್ತರ ಹೊತ್ತಿಗೆ ಅವರ ಎಡಗೈಯಿಂದ ಲೋಟ ಜಾರಿತು. ಆಗಲೂ “ಎಣ್ಣೆ ಕೈ” ಎಂದುಕೊಂಡರಂತೆ. ನನ್ನ ಬಳಿ ಬಂದಾಗ ಹನ್ನೆರಡು ಗಂಟೆ.

ಬಾಯಿಯ ಮೂಲೆ ಸ್ವಲ್ಪವೇ ಜಾರಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚುತ್ತಿತ್ತು. ಕಣ್ಣು ಮುಚ್ಚಿ, ಅಂಗೈ ಮೇಲೆ ಮಾಡಿ ಎರಡೂ ಕೈ ಮುಂದೆ ಚಾಚಿ ಎಂದೆ. ಹತ್ತು ಸೆಕೆಂಡ್ ಮುಗಿಯುವುದರೊಳಗೆ ಎಡಗೈ ಮೆಲ್ಲಗೆ ಒಳಮುಖವಾಗಿ ತಿರುಗುತ್ತ ಕೆಳಗಿಳಿಯಿತು. ಅಷ್ಟು ಸಾಕು. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಮೆದುಳಿನ ಬಲಭಾಗದ ರಕ್ತನಾಳವೊಂದು ಕಟ್ಟಿಕೊಂಡು ಆದ ಸ್ಟ್ರೋಕ್ ಅದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆರೂವರೆಗೆ ನಾಲ್ಕೂವರೆ ಸೇರಿಸಿ ನೋಡಿ. ದೊಡ್ಡ ನಾಳದ ಹೆಪ್ಪಾಗಿದ್ದರೆ ಕೊಳವೆ ತೂರಿಸಿ ತೆಗೆಯಲು ಕೆಲವರಿಗೆ ಇನ್ನೂ ಹೆಚ್ಚು ಸಮಯ ಸಿಗುತ್ತದೆ. ಇವರದು ಅಂಥದ್ದಲ್ಲ.

ಮಗನ ಮೇಲೆ ರೇಗಿದೆ. ಆತ ಮಾಡಿದ್ದಾದರೂ ಏನು? ಪರೀಕ್ಷೆಯನ್ನು ಸರಿಯಾಗಿಯೇ ಮಾಡಿದ್ದ. ಅರ್ಥ ಹೇಳಿಕೊಟ್ಟವನು ಉಲ್ಟಾ ಹೇಳಿಕೊಟ್ಟಿದ್ದ.

ಈ ತಪ್ಪು ಇಷ್ಟು ಸಲೀಸಾಗಿ ಹರಡಲು ಕಾರಣವಿದೆ. ಹೆಚ್ಚು ಕೆಟ್ಟು ಹೋದದ್ದೇ ಹೆಚ್ಚು ಅಪಾಯ ಎಂದು ನಮ್ಮ ಮನಸ್ಸು ಲೆಕ್ಕ ಹಾಕುತ್ತದೆ. ಮುಖದ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಮುಖದ ಒಂದು ಪಾರ್ಶ್ವವನ್ನು ಎರಡು ಅಂತಸ್ತಿನ ಮನೆ ಎಂದುಕೊಳ್ಳಿ. ಮೇಲಂತಸ್ತಾದ ಹಣೆಗೆ ಮೆದುಳಿನ ಎಡ, ಬಲ ಎರಡೂ ಭಾಗಗಳಿಂದ ವಿದ್ಯುತ್ ಬರುತ್ತದೆ. ಕೆಳಂತಸ್ತಾದ ಬಾಯಿ, ಕೆನ್ನೆಗೆ ಬಹುಪಾಲು ಎದುರು ಭಾಗದಿಂದ ಮಾತ್ರ. ಸ್ಟ್ರೋಕ್‌ನಲ್ಲಿ ಮೆದುಳಿನ ಒಂದು ಭಾಗ ಕೆಟ್ಟರೆ ಕೆಳಗೆ ಕತ್ತಲಾಗುತ್ತದೆ, ಮೇಲೆ ಇನ್ನೊಂದು ಕಡೆಯಿಂದ ದೀಪ ಉರಿಯುತ್ತಲೇ ಇರುತ್ತದೆ. ಆದರೆ ಮೆದುಳಿನಿಂದ ಹೊರಟು, ಕಿವಿಯ ಹಿಂದಿನ ಮೂಳೆಯೊಳಗಿನ ಇಕ್ಕಟ್ಟಾದ ದಾರಿಯಲ್ಲಿ ಸಾಗಿ ಮುಖಕ್ಕೆ ಬರುವ ತಂತಿ ಒಂದೇ. ಆ ಏಳನೆಯ ನರ ಊದಿಕೊಂಡು ಅಲ್ಲೇ ಕೆಟ್ಟರೆ ಎರಡೂ ಅಂತಸ್ತು ಕತ್ತಲೆ. ಇದೇ ಬೆಲ್ಸ್ ಪಾಲ್ಸಿ. ನೋಡಲು ಭಯಂಕರ, ಜೀವಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಹಣೆ ಆಡುತ್ತಿದೆ ಎಂದರೆ ಕಾಯಿಲೆ ಹಗುರ ಎಂದಲ್ಲ, ಅದು ಮೆದುಳಿನಲ್ಲಿರಬಹುದು ಎಂದು.

ಇದಕ್ಕೆ ಜೋಡಿಯಾಗಿ ಇವತ್ತೇ ಬಂದಿದ್ದಳು ಇನ್ನೊಬ್ಬಳು, ಇಪ್ಪತ್ತೆರಡರ ವಿದ್ಯಾರ್ಥಿನಿ. ತಾಯಿ, ಚಿಕ್ಕಮ್ಮ, ಅಕ್ಕಪಕ್ಕದವರು, ಒಂದು ಜೀಪು ತುಂಬ ಅಳು. ಬಲಗಡೆ ಮುಖ ಪೂರ್ತಿ ಸಪಾಟು. ತಲೆ ಎತ್ತದೆ ಕಣ್ಣಿನಲ್ಲೇ ಮೇಲೆ ನೋಡಮ್ಮಾ ಎಂದರೆ ಎಡ ಹಣೆಯಲ್ಲಿ ಗೆರೆ ಮೂಡಿತು, ಬಲ ಹಣೆ ನುಣುಪಾಗಿಯೇ ಉಳಿಯಿತು. ಕಣ್ಣು ಮುಚ್ಚು ಎಂದರೆ ಬಲ ರೆಪ್ಪೆ ಕೂಡಿಕೊಳ್ಳದೆ ಗುಡ್ಡೆ ಮೇಲೆ ಹೊರಳಿ ಬಿಳಿ ಕಾಣಿಸಿತು. ಪ, ಬ, ಮ ಮಾತ್ರ ತೊದಲುತ್ತಿದ್ದವು. ಅವು ತುಟಿಯ ಅಕ್ಷರಗಳಲ್ಲವೇ? ಹೇಳಬೇಕಾದ ಮಾತು ಮಾತ್ರ ತಪ್ಪಿಲ್ಲದೆ ಬರುತ್ತಿತ್ತು. ಮೊನ್ನೆ ರಾತ್ರಿ ಬಲಗಿವಿಯ ಹಿಂದೆ ನೋವು, ನಿನ್ನೆ ಕುಕ್ಕರ್ ಸೀಟಿ ಆ ಕಿವಿಗೆ ಮಾತ್ರ ಕರ್ಕಶ, ಊಟಕ್ಕೆ ರುಚಿಯಿಲ್ಲ, ಇವತ್ತು ಬೆಳಿಗ್ಗೆ ಬಾಯಿ ಓರೆ. ಹೀಗೆ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಏರುವುದು ನರದ ಸ್ವಭಾವ. ಸ್ಟ್ರೋಕ್ ಸಾಮಾನ್ಯವಾಗಿ ಒಮ್ಮೆಲೇ ಬಂದೆರಗುತ್ತದೆ. ಕೈಕಾಲು, ನಡಿಗೆ ಎಲ್ಲ ಸರಿಯಿತ್ತು. ಕಿವಿಯೊಳಗೆ ಗುಳ್ಳೆಗಳಿವೆಯೇ ಎಂದೂ ನೋಡಿದೆ. ಇದ್ದರೆ ಸರ್ಪಸುತ್ತಿನ ವೈರಾಣು, ಅದಕ್ಕೆ ಬೇರೆ ಮದ್ದೂ ಸೇರಬೇಕು. ಇರಲಿಲ್ಲ.

ಜನ ಯಾರನ್ನು ಮೊದಲು ಒಳಗೆ ಬಿಡಿ ಎಂದು ಕೂಗಾಡಿದರು ಊಹಿಸಿ. ಬಾಗಿಲಲ್ಲಿದ್ದವರಿಗೆಲ್ಲ ಹುಡುಗಿಯೇ ಗಂಭೀರ. ಆ ಅಡಿಕೆ ವ್ಯಾಪಾರಿ ಬೆಂಚಿನ ಮೇಲೆ ಕುಳಿತು, “ಪಾಪ, ಮಗುವನ್ನು ನೋಡಿ, ನಾನು ಕಾಯುತ್ತೇನೆ” ಎನ್ನುತ್ತಿದ್ದರು!

“ಇದನ್ನೆಲ್ಲ ಜನಸಾಮಾನ್ಯರಿಗೆ ಹೇಳಲೇಬೇಡಿ, ಮುಖ ಸೊಟ್ಟಗಾದರೆ ಆಸ್ಪತ್ರೆಗೆ ಓಡಿ ಎಂದಷ್ಟೇ ಹೇಳಿ” ಎಂದು ಸಹೋದ್ಯೋಗಿಯೊಬ್ಬರು ಬುದ್ಧಿ ಹೇಳಿದರು. ಅರ್ಧ ಸತ್ಯವಿದೆ, ಒಪ್ಪುತ್ತೇನೆ. ಆದರೆ ಸ್ವಾಮಿ, ನಾವು ಹೇಳದಿದ್ದರೆ ಯಾರೂ ಹೇಳುವುದಿಲ್ಲವೇ? ಹೇಳಿಯಾಗಿದೆ, ತಲೆಕೆಳಗಾಗಿ, ಗುಡ್ ಮಾರ್ನಿಂಗ್ ಗುಲಾಬಿಯ ಜೊತೆಗೆ. ನಿಯಮವನ್ನು ಬಾಯಿಪಾಠ ಮಾಡಿದವನು ತಿರುಚಿ ನೆನಪಿಟ್ಟುಕೊಳ್ಳಬಲ್ಲ. ಎರಡು ಕಡೆಯ ತಂತಿಯ ಕಥೆ ತಿಳಿದವನಿಗೆ ತಿರುಚುವುದು ಕಷ್ಟ.

ಇನ್ನು ಸರಿಯಾದ ನಿಯಮವನ್ನೂ ಪೂರ್ತಿ ನಂಬುವಂತಿಲ್ಲ. ಏಳನೆಯ ನರದ ಮೂಲವಿರುವುದು ಮೆದುಳಿನ ಕಾಂಡದಲ್ಲಿ. ಸ್ಟ್ರೋಕ್ ಅಲ್ಲೇ ಆದರೆ ಹಣೆಯೂ ಬೀಳುತ್ತದೆ, ಥೇಟ್ ಬೆಲ್ಸ್ ಪಾಲ್ಸಿಯಂತೆ. ಆಗ ಸುಳಿವು ಕೊಡುವುದು ಜೊತೆಗಿರುವ ಲಕ್ಷಣಗಳು: ಒಂದು ವಸ್ತು ಎರಡಾಗಿ ಕಾಣುವುದು, ತಲೆ ತಿರುಗುವುದು, ಎದ್ದರೆ ತೂರಾಡುವುದು, ಮುಖದ ಎದುರು ಪಕ್ಕದ ಕೈಕಾಲು ಸೋಲುವುದು. ಆದ್ದರಿಂದ ಮನೆಯಲ್ಲಿ ಹಣೆ ನೋಡಿ ಹೆದರಬಹುದು, ಧೈರ್ಯ ತಂದುಕೊಳ್ಳುವಂತಿಲ್ಲ. ನೆರಿಗೆ ಮೂಡಲಿ, ಬಿಡಲಿ, ತಕ್ಷಣ 108ಕ್ಕೆ ಕರೆ ಮಾಡಿ, ಕೊನೆಯದಾಗಿ ಎಷ್ಟು ಗಂಟೆಗೆ ಸರಿಯಿದ್ದರು ಎಂಬುದನ್ನು ಬರೆದುಕೊಳ್ಳಿ. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಹಣೆ ಬಿದ್ದವರಿಗೂ ಗಡುವಿದೆ: ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಮುಖ ಪೂರ್ತಿ ಸರಿಹೋಗುವ ಸಾಧ್ಯತೆ ಹೆಚ್ಚುತ್ತದೆ.

ನಾಚಿಕೆ ಬಿಟ್ಟು ಇನ್ನೊಂದು ಹೇಳುತ್ತೇನೆ. ನನಗೂ ರಕ್ತದೊತ್ತಡವಿದೆ. ದಿನವೂ ಗಡ್ಡ ಹೆರೆಯುವಾಗ ಕನ್ನಡಿಯೆದುರು ಹಲ್ಲು ಕಿರಿದು, ಎರಡೂ ಕೈ ಚಾಚಿ ನಿಲ್ಲುತ್ತೇನೆ. ಹೆಂಡತಿ ಇದನ್ನು ಯೋಗಾಸನ ಎಂದುಕೊಂಡಿದ್ದಾಳೆ, ತಿದ್ದಿಲ್ಲ.

ಹುಡುಗಿಯ ಸಕ್ಕರೆ ಪರೀಕ್ಷಿಸಿ ಮಾತ್ರೆ ಬರೆದುಕೊಟ್ಟೆ. ಮುಚ್ಚದ ಕಣ್ಣು ಒಣಗಿ ಹುಣ್ಣಾಗಿ ದೃಷ್ಟಿಗೇ ಕುತ್ತು ಬರಬಹುದು. ಅದಕ್ಕೆ ಹಗಲು ಕಣ್ಣೀರಿನಂಥ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪು. ಮದ್ದಿಲ್ಲದೆಯೂ ಹತ್ತರಲ್ಲಿ ಸುಮಾರು ಏಳು ಜನ ಪೂರ್ತಿ ಚೇತರಿಸಿಕೊಳ್ಳುತ್ತಾರೆ, ನಿನ್ನದು ಬೇಗ ಹಿಡಿದಿದ್ದೇವೆ ಎಂದೆ. ಅಳು ನಿಂತಿತು. ಅಷ್ಟರಲ್ಲಿ ಚಿಕ್ಕಮ್ಮ ಮೆಲ್ಲಗೆ ಕೇಳಿದರು: “ಸಾರ್, ಜೊತೆಗೆ ಪಾರಿವಾಳದ ರಕ್ತವನ್ನೂ ಹಚ್ಚಬಹುದಲ್ಲವೇ?”